ಸ್ಕ್ರೂ ತಲೆಯ ಮೇಲೊಂದು ಮರದ ಬಿರಡೆ

ತೇಗದ ಬೆಂಚಿನ ಮೇಲ್ಹಲಗೆಯನ್ನು ಚೌಕಟ್ಟಿಗೆ ಬಿಗಿಯುವ ಸುಲಭದ ದಾರಿ ಮೇಲಿನಿಂದಲೇ ಸ್ಕ್ರೂ ಹಾಕುವುದು. ಆದರೆ ಸ್ಕ್ರೂ ತಲೆ ಕಣ್ಣಿಗೆ ಹೊಡೆಯುತ್ತದೆ, ಕೂತವರ ಬಟ್ಟೆಗೂ ಸಿಕ್ಕುತ್ತದೆ. ಪುಟ್ಟಿ ತುಂಬಿದರೆ ಪಾಲಿಶ್ ಆದಮೇಲೆ ಅದು ಬೇರೆಯೇ ಬಣ್ಣದ ಚುಕ್ಕೆಯಾಗಿ ಎದ್ದು ಕಾಣುತ್ತದೆ. ಅದರ ಬದಲು ಸ್ಕ್ರೂವನ್ನು ಹಲಗೆಯೊಳಗೆ ಆಳಕ್ಕೆ ಇಳಿಸಿ, ಮೇಲಿನ ಗುಂಡಿಯನ್ನು ಅದೇ ಮರದ ಬಿರಡೆಯಿಂದ ಮುಚ್ಚಿದರೆ ಜೋಡಣೆಯ ಗುರುತು ಬಹುಮಟ್ಟಿಗೆ ಮಾಯವಾಗುತ್ತದೆ.

ಹಲಗೆ 20 ಮಿ.ಮೀ. ದಪ್ಪವಿದೆ, ಸ್ಕ್ರೂ ತಲೆ ಸುಮಾರು 8 ಮಿ.ಮೀ. ಅಗಲವಿದೆ ಎಂದುಕೊಂಡರೆ 10 ಮಿ.ಮೀ. ಅಗಲದ, 8 ಮಿ.ಮೀ. ಆಳದ ಗುಂಡಿ ಸಾಕು. ಸ್ಕ್ರೂ ಹಿಡಿದುಕೊಳ್ಳಲು ಕೆಳಗೆ 12 ಮಿ.ಮೀ. ಮರ ಉಳಿಯುತ್ತದೆ. ದೊಡ್ಡ ಗುಂಡಿಯನ್ನೇ ಮೊದಲು ಕೊರೆಯಬೇಕು. ಸಣ್ಣ ತೂತು ಮೊದಲು ಬಿದ್ದರೆ ದೊಡ್ಡ ಬಿಟ್ಟಿನ ನಡುಮೊನೆಗೆ ಆಧಾರ ಸಿಗದೆ ಅದು ಅಲ್ಲಾಡಿ, ಗುಂಡಿಯ ಅಂಚನ್ನು ಹರಿದುಹಾಕುತ್ತದೆ. ಆ ಅಂಚೇ ಕೊನೆಗೆ ಕಾಣುವ ಭಾಗವಾದ್ದರಿಂದ ನಡುವೆ ಮೊನೆಯಿರುವ ಹರಿತವಾದ ಬಿಟ್ ಬೇಕು. 8 ಮಿ.ಮೀ. ಎತ್ತರದಲ್ಲಿ ಬಿಟ್ಟಿಗೆ ಟೇಪು ಸುತ್ತಿಕೊಂಡರೆ ಆಳ ತಪ್ಪುವುದಿಲ್ಲ. ಬಳಿಕ ಗುಂಡಿಯ ನಡುವಿನಿಂದ, ಸ್ಕ್ರೂ ಸಲೀಸಾಗಿ ಹಾಯುವಂಥ ತೂತನ್ನು ಹಲಗೆಗೂ ಅದಕ್ಕಿಂತ ಸಣ್ಣದನ್ನು ಚೌಕಟ್ಟಿಗೂ ಕೊರೆದು ಬಿಗಿಯಬೇಕು. ಒಮ್ಮೆ ಮುಚ್ಚಿದ ಸ್ಕ್ರೂವನ್ನು ಮತ್ತೆ ಬಿಗಿಯಲಾಗದು, ಹಾಗಾಗಿ ಹಲಗೆ ಅಲ್ಲಾಡದಂತೆ ಕೂತಿದೆಯೇ ಎಂದು ಈಗಲೇ ನೋಡಿಕೊಳ್ಳುವುದು ಒಳ್ಳೆಯದು.

ಬಿರಡೆಯ ವಿಷಯದಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಅಂಗಡಿಯಲ್ಲಿ ಸಿಗುವ ಉರುಟು ಮರದ ಕಡ್ಡಿಯನ್ನು ತುಂಡರಿಸಿ ತುರುಕುತ್ತಾರೆ. ಕಡ್ಡಿಯಲ್ಲಿ ಮರದ ಎಳೆ ಉದ್ದಕ್ಕೆ ಓಡುವುದರಿಂದ, ಗುಂಡಿಯಲ್ಲಿ ನಿಲ್ಲಿಸಿದಾಗ ಮೇಲೆ ಕಾಣುವುದು ಎಳೆಗಳ ಕತ್ತರಿಸಿದ ತುದಿ. ಅದು ಪಾಲಿಶನ್ನು ಹೀರಿಕೊಂಡು ಸುತ್ತಲಿನ ಮರಕ್ಕಿಂತ ಕಪ್ಪಾಗುತ್ತದೆ. ಉಜ್ಜುವಾಗ ಬೇಗ ಸವೆಯದೆ ಸ್ವಲ್ಪ ಉಬ್ಬಿಯೂ ಉಳಿಯುತ್ತದೆ. ಬೇಕಾದದ್ದು ಹಲಗೆಯ ಮುಖದಿಂದಲೇ ಕೊರೆದು ತೆಗೆದ ಬಿರಡೆ. ಡ್ರಿಲ್‌ಗೆ ಹಾಕುವ ಪ್ಲಗ್ ಕಟರ್ ಇದಕ್ಕೆಂದೇ ಇದೆ. ಅದೇ ಹಲಗೆಯ ಉಳಿಕೆ ತುಂಡಿಗೆ ಇದನ್ನು ಸುಮಾರು 12 ಮಿ.ಮೀ. ಇಳಿಸಿ, ಬುಡಕ್ಕೆ ಸ್ಕ್ರೂಡ್ರೈವರ್ ತೂರಿ ಮೀಟಿದರೆ ಬಿರಡೆ ಮುರಿದು ಕೈಗೆ ಬರುತ್ತದೆ. ಕಟರ್ ಅತ್ತಿತ್ತ ಜಾರದಂತೆ ಡ್ರಿಲ್ಲನ್ನು ಸ್ಟ್ಯಾಂಡಿಗೆ ಕೂಡಿಸಿರಬೇಕು. ಬಣ್ಣ ಹೊಂದುವುದನ್ನು ಆರಿಸಿಕೊಳ್ಳಲು ನಾಲ್ಕಾರು ಬಿರಡೆ ಹೆಚ್ಚಿಗೆ ತೆಗೆದಿಟ್ಟುಕೊಳ್ಳುವುದು ವಾಸಿ.

ಅಂಟನ್ನು ಗುಂಡಿಯ ಗೋಡೆಗೆ ಕಡ್ಡಿಯಿಂದ ತೆಳ್ಳಗೆ ಸವರಬೇಕು. ತಳದಲ್ಲಿ ಅಂಟು ನಿಂತರೆ ಬಿರಡೆ ಪೂರ್ತಿ ಇಳಿಯುವುದಿಲ್ಲ, ಸ್ಕ್ರೂ ತಲೆಯ ಗೀರೂ ತುಂಬಿಹೋಗುತ್ತದೆ. ಬಿರಡೆಯ ಎಳೆ ಹಲಗೆಯ ಎಳೆಯ ದಿಕ್ಕಿಗೇ ಹೊಂದುವಂತೆ ತಿರುಗಿಸಿ, ಕೊಡತಿಯಿಂದ ಮೆಲ್ಲಗೆ ತಟ್ಟಬೇಕು. ಆಗ ಮಳೆಗಾಲದಲ್ಲಿ ಹಿಗ್ಗಿದರೂ ಬೇಸಿಗೆಯಲ್ಲಿ ಕುಗ್ಗಿದರೂ ಎರಡೂ ಒಂದೇ ದಿಕ್ಕಿಗೆ ಹಿಗ್ಗಿ ಕುಗ್ಗುತ್ತವೆ. ಹೊರಗುಳಿದ ಅಂಟನ್ನು ಒದ್ದೆ ಬಟ್ಟೆಯಿಂದ ತಕ್ಷಣ ಒರೆಸದಿದ್ದರೆ ಪಾಲಿಶ್ ಅಲ್ಲಿ ಹಿಡಿಯದೆ ಮಾಸಲು ಕಲೆ ಬೀಳುತ್ತದೆ.

ಒಂದು ರಾತ್ರಿಯಾದರೂ ಒಣಗಲು ಬಿಡಬೇಕು. ಅಂಟಿನ ನೀರಿಗೆ ಊದಿದ ಬಿರಡೆಯನ್ನು ಹಸಿಯಲ್ಲೇ ಸಮಮಾಡಿದರೆ, ಆರಿದಮೇಲೆ ಅದು ಕುಗ್ಗಿ ಸಣ್ಣ ತಗ್ಗಾಗುತ್ತದೆ. ಒಣಗಿದ ಬಿರಡೆ 3-4 ಮಿ.ಮೀ. ಮೇಲೆದ್ದಿರುತ್ತದೆ. ಇದನ್ನು ಉಳಿಯಿಂದ ಒಂದೇ ಏಟಿಗೆ ತೆಗೆಯಬಾರದು. ಮೊದಲು ಮೇಲಿನ ಅರ್ಧವನ್ನಷ್ಟೇ ಚಿವುಟಿ, ಸೀಳು ಯಾವ ಕಡೆಗೆ ಓಡುತ್ತಿದೆ ಎಂದು ನೋಡಬೇಕು. ಸೀಳು ಕೆಳಮುಖವಾಗಿ ಇಳಿಯುತ್ತಿದ್ದರೆ ಮುಂದಿನ ಏಟಿಗೆ ಬಿರಡೆ ಗುಂಡಿಯೊಳಗೇ ಮುರಿದು ಹಳ್ಳ ಬೀಳುವುದು ಖಂಡಿತ. ಆಗ ಎದುರು ಬದಿಯಿಂದ ಕೆತ್ತಬೇಕು. ಗರಗಸದಿಂದ ಕೊಯ್ಯುವುದಾದರೆ ಹಲ್ಲುಗಳು ಹಲಗೆಯನ್ನು ಗೀರದಂತೆ, ಬಿರಡೆಯಷ್ಟೇ ತೂತು ಮಾಡಿದ ರಟ್ಟಿನ ಚೂರನ್ನು ಅದರ ಸುತ್ತ ಹಾಸಬಹುದು.

ಕೊನೆಯ ಕೂದಲೆಳೆಯಷ್ಟು ಉಬ್ಬಿಗೆ ಮಾತ್ರ ಮರಳುಕಾಗದ. ಅದನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ, 120ರಿಂದ ಆರಂಭಿಸಿ 180, 220ರವರೆಗೆ ಎಳೆಯ ದಿಕ್ಕಿಗೇ ಉದ್ದುದ್ದ ಉಜ್ಜಬೇಕು. ಬೆರಳಿನಿಂದ ಒತ್ತಿ ಒಂದೇ ಜಾಗವನ್ನು ತಿಕ್ಕಿದರೆ ಬಿರಡೆಯ ಸುತ್ತ ತಟ್ಟೆಯಂಥ ತಗ್ಗಾಗುತ್ತದೆ. ಅದು ಆಗ ಕಾಣದಿದ್ದರೂ ಪಾಲಿಶಿನ ಹೊಳಪು ಬಂದಾಗ ಕಂಡೇ ಕಾಣುತ್ತದೆ. ಟಾರ್ಚನ್ನು ಹಲಗೆಗೆ ತಾಗುವಷ್ಟು ಓರೆಯಾಗಿ ಹಿಡಿದರೆ ಉಬ್ಬುತಗ್ಗಿನ ನೆರಳು ಮೊದಲೇ ಗೊತ್ತಾಗುತ್ತದೆ. ತೆಳುಪದರ ಅಂಟಿಸಿದ ಪ್ಲೈವುಡ್‌ಗೆ ಈ ಕೆಲಸ ಹೇಳಿಸಿದ್ದಲ್ಲ. ಬಿರಡೆ ಸಮವಾಗುವ ಹೊತ್ತಿಗೆ ಮೇಲಿನ ಪದರವೇ ಸವೆದು ಒಳಪದರ ಕಾಣಿಸಿಕೊಳ್ಳುತ್ತದೆ.

ಮುಂದೆ ಬೆಂಚನ್ನು ಬಿಚ್ಚಬೇಕಾಗಿ ಬಂದರೂ ದಾರಿಯಿದೆ. ಬಿರಡೆಯ ನಡುವೆ ಸಣ್ಣ ತೂತು ಕೊರೆದು ಇನ್ನೊಂದು ಸ್ಕ್ರೂ ತಿರುಗಿಸಬೇಕು. ಅದರ ಮೊನೆ ಕೆಳಗಿನ ಸ್ಕ್ರೂ ತಲೆಗೆ ತಾಗಿದ ಮೇಲೆ ಮುಂದಕ್ಕೆ ಹೋಗಲಾರದು, ತಿರುಗಿಸಿದಷ್ಟೂ ಬಿರಡೆಯನ್ನೇ ಮೇಲಕ್ಕೆ ಎಳೆದು ತರುತ್ತದೆ. ಅಂಟು ಗಟ್ಟಿಯಾಗಿ ಹಿಡಿದಿದ್ದರೆ ಬಿರಡೆ ಒಡೆದು ಚೂರಾಗಬಹುದು. ಆಗ ಉಳಿದದ್ದನ್ನು ಸಣ್ಣ ಉಳಿಯಿಂದ ಕೆದಕಿ ತೆಗೆದು, ಮತ್ತೆ ಮುಚ್ಚುವಾಗ ಹೊಸ ಬಿರಡೆ ಹಾಕಬೇಕಾಗುತ್ತದೆ.