ಕೀಬೋರ್ಡ್ ಆಟಕ್ಕೆ ಗೇಮ್‌ಪ್ಯಾಡ್

ಕೀಬೋರ್ಡ್ ಮತ್ತು ಮೌಸ್‌ಗಾಗಿಯೇ ರೂಪಿಸಿದ ಆಟಕ್ಕೆ ಗೇಮ್‌ಪ್ಯಾಡಿನ ಸಂಕೇತ ಅರ್ಥವಾಗುವುದಿಲ್ಲ. ಸ್ಟೀಮ್ ತಂತ್ರಾಂಶದಲ್ಲಿರುವ ಸ್ಟೀಮ್ ಇನ್‌ಪುಟ್ ಇವೆರಡರ ನಡುವೆ ದುಭಾಷಿಯಂತೆ ನಿಂತು, ಪ್ಯಾಡಿನ ಗುಂಡಿ ಒತ್ತಿದಾಗ ಕೀಲಿ ಒತ್ತಿದ ಸಂಕೇತವನ್ನೇ ಆಟಕ್ಕೆ ಕಳಿಸುತ್ತದೆ.

ಆಟದ ಪುಟದಲ್ಲಿರುವ ಕಂಟ್ರೋಲರ್ ಚಿತ್ರವನ್ನು ಒತ್ತಿ `Keyboard (WASD) and Mouse` ಮಾದರಿಯನ್ನು ಆರಿಸಬೇಕು. ಆಗ ಎಡ ಸ್ಟಿಕ್ W, A, S, D ಕೀಲಿಗಳ ಕೆಲಸ ಮಾಡುತ್ತದೆ, ಬಲ ಸ್ಟಿಕ್ ಮೌಸ್ ಆಗುತ್ತದೆ. ಬೇರೆಡೆ ಕೊಂಡ ಆಟವನ್ನು `Add a Non-Steam Game` ಮೂಲಕ ಮೊದಲು ಪಟ್ಟಿಗೆ ಸೇರಿಸಬೇಕು.

ಕೀಲಿ ಒತ್ತಿರುತ್ತದೆ, ಇಲ್ಲವೇ ಬಿಟ್ಟಿರುತ್ತದೆ; ನಡುವಿನ ಸ್ಥಿತಿಯಿಲ್ಲ. ಹೀಗಾಗಿ ಸ್ಟಿಕ್ಕನ್ನು ಅರ್ಧ ತಳ್ಳಿದರೂ ಪಾತ್ರ ಪೂರ್ಣ ವೇಗದಲ್ಲೇ ನಡೆಯುತ್ತದೆ, ಅದೂ ಎಂಟು ದಿಕ್ಕುಗಳಲ್ಲಿ ಮಾತ್ರ. ಶಿಫ್ಟ್ ಒತ್ತಿದರೆ ಓಡುವ ಆಟವಾದರೆ, ಸ್ಟಿಕ್ಕಿನ ಹೊರವರ್ತುಲಕ್ಕೆ ಶಿಫ್ಟ್ ಜೋಡಿಸಬಹುದು. ಆಗ ಸ್ವಲ್ಪ ತಳ್ಳಿದರೆ ನಡಿಗೆ, ಅಂಚಿನವರೆಗೆ ತಳ್ಳಿದರೆ ಓಟ.

ಯಾರೂ ಮುಟ್ಟದಿದ್ದಾಗಲೂ ನೋಟ ನಿಧಾನವಾಗಿ ತಿರುಗುತ್ತಿದ್ದರೆ, ಬಲ ಸ್ಟಿಕ್ ಸರಿಯಾಗಿ ನಡುವಿಗೆ ಮರಳುತ್ತಿಲ್ಲ ಎಂದರ್ಥ. ಡೆಡ್‌ಜೋನ್ ತುಸು ಹೆಚ್ಚಿಸಬೇಕು. ಅತಿಯಾದರೆ ಸಣ್ಣ ಗುರಿ ಹಿಡಿಯುವುದು ಕಷ್ಟ. ವಿಂಡೋಸ್‌ನಲ್ಲಿ ಪ್ಯಾಡ್ ಸ್ಟೀಮ್‌ನಲ್ಲಿ ಸರಿಯಿದ್ದು ಆಟದೊಳಗೆ ಮಾತ್ರ ಸತ್ತಂತಿದ್ದರೆ, ಆಟವು ಅಡ್ಮಿನಿಸ್ಟ್ರೇಟರ್ ಹಕ್ಕಿನಲ್ಲಿ ಓಡುತ್ತಿರಬಹುದು. ಕೆಳಹಂತದ ತಂತ್ರಾಂಶ ಕಳಿಸಿದ ಕೀಲಿಸಂಕೇತವನ್ನು ವಿಂಡೋಸ್ ಅಲ್ಲಿಗೆ ಬಿಡುವುದಿಲ್ಲ. ಆಟದ ಆ ಹಕ್ಕನ್ನು ತೆಗೆದರೆ ಸಾಕು.

ಎಲ್ಲ ಸರಿಯಾದರೂ ಪರದೆಯ ಸೂಚನೆ ‘E ಒತ್ತಿ’ ಎಂದೇ ಹೇಳುತ್ತದೆ. ಯಾವ ಗುಂಡಿಗೆ E ಕೊಟ್ಟಿದೆ ಎಂಬುದನ್ನು ಆಡುವವರೇ ನೆನಪಿಡಬೇಕು.