ನೀರಿನ ಚಕ್ರಕ್ಕೆ ನಾಲ್ಕು ಬಾಣಗಳು

ನೀರಿನ ಚಕ್ರದಂತೆ ಮರುಕಳಿಸುವ ಕ್ರಿಯೆಯನ್ನು ವೃತ್ತದಲ್ಲಿ ತೋರಿಸುವಾಗ ಕೈವಾರ ಹಿಡಿಯುವ ಮೊದಲೇ ತೀರ್ಮಾನಿಸಬೇಕಾದ ಸಂಗತಿಯೊಂದಿದೆ: ವೃತ್ತದ ಮೇಲೆ ಏನನ್ನು ಬರೆಯುವುದು, ಬಾಣದ ಪಕ್ಕದಲ್ಲಿ ಏನನ್ನು ಬರೆಯುವುದು. ‘ಮೋಡ’ ಎಂಬುದು ನೀರಿನ ಒಂದು ಸ್ಥಿತಿ, ‘ಸಾಂದ್ರೀಕರಣ’ ಒಂದು ಕ್ರಿಯೆ. ಅನೇಕ ಚಿತ್ರಗಳಲ್ಲಿ ಇವೆರಡೂ ಒಂದೇ ಬಗೆಯ ಚೌಕಗಳಲ್ಲಿ ಕುಳಿತಿರುತ್ತವೆ. ಆಗ ನಡುವಿನ ಬಾಣಕ್ಕೆ ಹೇಳಲು ಏನೂ ಉಳಿಯುವುದಿಲ್ಲ. ಕಡಲು, ಆವಿ, ಮೋಡ, ನದಿ ಎಂಬ ನಾಲ್ಕು ನೆಲೆಗಳನ್ನು ವೃತ್ತದ ಮೇಲಿಟ್ಟು, ಆವಿಯಾಗುವಿಕೆ, ಸಾಂದ್ರೀಕರಣ, ಮಳೆ, ಹರಿವು ಎಂಬ ನಾಲ್ಕು ಕ್ರಿಯೆಗಳನ್ನು ಬಾಣಗಳ ಹೊರಬದಿಯಲ್ಲಿ ಬರೆದರೆ ಚಿತ್ರ ತಾನಾಗಿಯೇ ಓದಿಸಿಕೊಳ್ಳುತ್ತದೆ.

ಎ4 ಹಾಳೆಯ ನಡುವೆ 7 ಸೆಂ.ಮೀ. ತ್ರಿಜ್ಯದ ವೃತ್ತವನ್ನು ಪೆನ್ಸಿಲಿನಿಂದ ತೆಳುವಾಗಿ ಎಳೆಯಬೇಕು. 360 ಡಿಗ್ರಿಯನ್ನು ನಾಲ್ಕರಿಂದ ಭಾಗಿಸಿದರೆ ನೆಲೆಯಿಂದ ನೆಲೆಗೆ 90 ಡಿಗ್ರಿ. ಕಡಲು ತಳದಲ್ಲಿ, ಆವಿ ಎಡಕ್ಕೆ, ಮೋಡ ನೆತ್ತಿಯಲ್ಲಿ, ನದಿ ಬಲಕ್ಕೆ ಬಂದರೆ ನೀರು ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಎಡದಲ್ಲಿ ಏರಿ ಬಲದಲ್ಲಿ ಇಳಿಯುತ್ತದೆ.

ಬಾಣಗಳ ಅಂತರ ಕೆಡುವುದು ಹೆಚ್ಚಾಗಿ ಹೆಸರಿನ ಚೌಕಟ್ಟಿನಿಂದ. 4 ಸೆಂ.ಮೀ. ಅಗಲ, 2 ಸೆಂ.ಮೀ. ಎತ್ತರದ ಆಯತ ನೆತ್ತಿಯಲ್ಲಿದ್ದಾಗ ವೃತ್ತದ ಸುಮಾರು 33 ಡಿಗ್ರಿಯನ್ನು ನುಂಗುತ್ತದೆ. ಅದೇ ಆಯತ ಪಕ್ಕದಲ್ಲಿದ್ದಾಗ ಸುಮಾರು 16 ಡಿಗ್ರಿ ಮಾತ್ರ. ಹೀಗಾಗಿ ಕೋನಮಾಪಕದಿಂದ ಸರಿಯಾಗಿ ಅಳೆದ ಬಾಣವೂ ಒಂದು ತುದಿಯಲ್ಲಿ ಚೌಕಟ್ಟಿಗೆ ಒತ್ತಿಕೊಂಡು, ಇನ್ನೊಂದು ತುದಿಯಲ್ಲಿ ದೂರ ಉಳಿದಂತೆ ಕಾಣುತ್ತದೆ. ಆಯತದ ಬದಲು 3 ಸೆಂ.ಮೀ. ವ್ಯಾಸದ ಪುಟ್ಟ ವೃತ್ತಗಳನ್ನು ಬಳಸಿದರೆ ಈ ತೊಂದರೆ ಇಲ್ಲ, ಏಕೆಂದರೆ ಅವು ಎಲ್ಲಿ ಕೂತರೂ ಅಷ್ಟೇ ಜಾಗ ತೆಗೆದುಕೊಳ್ಳುತ್ತವೆ. ಪ್ರತಿ ನೆಲೆಯ ಮಧ್ಯಬಿಂದುವಿನಿಂದ 25 ಡಿಗ್ರಿಗೆ ಬಾಣವನ್ನು ಆರಂಭಿಸಿ 65ಕ್ಕೆ ಮುಗಿಸಿದರೆ ಸುಮಾರು 5 ಸೆಂ.ಮೀ. ಉದ್ದದ ಬಾಣ ಸಿಗುತ್ತದೆ, ಎರಡೂ ಕಡೆ ಒಂದೂವರೆ ಸೆಂ.ಮೀ. ಬಿಡುವು ಉಳಿಯುತ್ತದೆ.

ಬಾಣದ ತಲೆ ಆ ಬಿಂದುವಿನ ತ್ರಿಜ್ಯಕ್ಕೆ ಲಂಬವಾಗಿರಬೇಕು. ಅದು ಹೊರಕ್ಕೆ ವಾಲಿದರೆ ನೀರು ಚಕ್ರ ಬಿಟ್ಟು ಹೊರಟಂತೆ ಕಾಣುತ್ತದೆ. ನಾಲ್ಕು ತಲೆಗಳನ್ನೂ ಒಂದೇ ಅಳತೆಯಲ್ಲಿ ಬರೆದ ಮೇಲೆ ಉಳಿದ ಪೆನ್ಸಿಲ್ ಗೆರೆಯನ್ನು ಅಳಿಸಬಹುದು. ನೆಲದೊಳಗೆ ಇಂಗುವ ನೀರನ್ನು ಐದನೆಯ ನೆಲೆಯಾಗಿ ಸೇರಿಸಿದರೆ ಅಂತರ 72 ಡಿಗ್ರಿಗೆ ಇಳಿಯುತ್ತದೆ. 20ರಿಂದ 52ರವರೆಗೆ ಎಳೆದರೆ ಬಾಣ ತೀರಾ ಗಿಡ್ಡವಾಗದು.

ಸಮ ಅಂತರ ತೋರಿಸುವುದು ಕ್ರಮವನ್ನಷ್ಟೇ, ಕಾಲವನ್ನಲ್ಲ. ನೀರಿನ ಒಂದು ಕಣ ವಾತಾವರಣದಲ್ಲಿ ಸರಾಸರಿ ಒಂಬತ್ತು-ಹತ್ತು ದಿನ ಇದ್ದರೆ ಕಡಲಿನಲ್ಲಿ ಸಾವಿರಾರು ವರ್ಷ ಉಳಿಯುತ್ತದೆ. ಇದನ್ನು ಬಾಣದ ಉದ್ದದಲ್ಲಿ ತೋರಿಸಹೋದರೆ ಚಿತ್ರವೇ ಉಳಿಯದು. ನೆಲೆಯ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಬರೆಯುವುದೇ ಸರಿ. ಕಡಲಿನಿಂದ ಏರಿದ ನೀರಿನ ಬಹುಪಾಲು ನದಿಯನ್ನು ಕಾಣದೆ ಮಳೆಯಾಗಿ ಕಡಲಿಗೇ ಬೀಳುತ್ತದೆ. ಅದಕ್ಕೆ ಮೋಡದಿಂದ ಕಡಲಿಗೆ, ವೃತ್ತದ ಒಳಗೆ, ನೇರವಾದ ಇನ್ನೊಂದು ಬಾಣ ಬೇಕು. ಅದು ಸುತ್ತಿನ ನಾಲ್ಕು ಬಾಣಗಳಿಗೆ ಸೇರದ ಕಾರಣ ಚುಕ್ಕೆಗೆರೆಯಲ್ಲಿರುವುದು ಒಳ್ಳೆಯದು.