ಪುಣೆಯ ಅಂಗಡಿಯೋ, ರಾಗಿ ಚಿಪ್ಸೋ?

ದಾವಣಗೆರೆಯಲ್ಲಿ ಚಕ್ಕುಲಿ, ಕೋಡುಬಳೆ ಮಾಡಿ ಸುತ್ತಲ ಜಿಲ್ಲೆಗಳಿಗೆ ಕಳಿಸುವ ಒಂದು ಘಟಕವಿದೆ ಎಂದುಕೊಳ್ಳೋಣ. ವ್ಯಾಪಾರ ಬೆಳೆಸಬೇಕು. ಇದೇ ಚಕ್ಕುಲಿಯನ್ನು ಪುಣೆಗೆ ಒಯ್ಯುವುದೋ, ಈಗಿನ ಅಂಗಡಿಗಳಿಗೇ ರಾಗಿ ಚಿಪ್ಸ್ ಕೊಡುವುದೋ?

ಇಂಥ ಪ್ರಶ್ನೆಗೆಂದೇ ಇಗೋರ್ ಆನ್ಸಾಫ್ 1957ರಲ್ಲಿ ನಾಲ್ಕು ಮನೆಗಳ ಕೋಷ್ಟಕವೊಂದನ್ನು ಕೊಟ್ಟರು. ಹಳೆ ಸರಕು ಹಳೆ ಮಾರುಕಟ್ಟೆಗೆ, ಹಳೆ ಸರಕು ಹೊಸ ಮಾರುಕಟ್ಟೆಗೆ, ಹೊಸ ಸರಕು ಹಳೆ ಮಾರುಕಟ್ಟೆಗೆ. ಎರಡೂ ಹೊಸದಾದರೆ ನಾಲ್ಕನೆಯ ಮನೆ, ಎಲ್ಲಕ್ಕಿಂತ ಅಪಾಯದ್ದು.

ಮೊದಲು ಪುಣೆ. ಹತ್ತು ರೂಪಾಯಿಯ ಪೊಟ್ಟಣದಲ್ಲಿ ಅಂಗಡಿಯವರು, ವಿತರಕರ ಪಾಲು 2 ರೂಪಾಯಿ. ತಯಾರಿಕೆ, ಪ್ಯಾಕಿಂಗ್, ತೆರಿಗೆ 6.75, ವ್ಯಾನ್ ಖರ್ಚು 50 ಪೈಸೆ ಎಂದಿಟ್ಟುಕೊಂಡರೆ ಊರಲ್ಲಿ ಉಳಿಯುವುದು 75 ಪೈಸೆ. ಚಕ್ಕುಲಿ ಹಗುರ, ಆದರೆ ಜಾಗ ತಿನ್ನುತ್ತದೆ. ತೂಕ ತುಂಬುವ ಮೊದಲೇ ಲಾರಿ ತುಂಬುತ್ತದೆ. ಪುಣೆಗೆ ಸಾಗಣೆ 50 ಪೈಸೆ ಹೆಚ್ಚಾಗಿ, ಅಲ್ಲಿನ ಸೂಪರ್ ಸ್ಟಾಕಿಸ್ಟ್ 40 ಪೈಸೆ ಕೇಳಿದರೆ, ಪ್ರತಿ ಪೊಟ್ಟಣಕ್ಕೂ 15 ಪೈಸೆ ನಷ್ಟ. ಗೋದಾಮಿನಲ್ಲಿ ವಾರಗಟ್ಟಲೆ ಕೂತ ಸರಕಿಗೆ ಕಮಟು ವಾಸನೆ ಹತ್ತಿ ವಾಪಸು ಬಂದರೆ ಆ ಹೊರೆ ಬೇರೆ.

ಪುಣೆಯವರ ನಾಲಿಗೆಗೆಂದು ಮಸಾಲೆ ಬದಲಿಸೋಣ ಎಂಬ ಸಲಹೆ ಆಗ ಬರುತ್ತದೆ. ನನಗೆ ಹೆಚ್ಚು ಭಯ ಹುಟ್ಟಿಸುವುದು ಇದೇ. ಮಾಲೀಕರು ಎರಡನೆಯ ಮನೆಯಲ್ಲೇ ಇದ್ದೇವೆಂದು ನಂಬಿರುತ್ತಾರೆ; ಕಾಲಿಟ್ಟಿರುವುದು ನಾಲ್ಕನೆಯದರಲ್ಲಿ. ಮಾರಾಟ ಬಿದ್ದರೆ ತಪ್ಪಿದ್ದು ರುಚಿಯೋ, ಊರೋ ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ರಾಗಿ ಚಿಪ್ಸ್‌ಗೆ ಅದೇ ವ್ಯಾನ್, ಅದೇ ಅಂಗಡಿ. ಪೆಪ್ಸಿಕೋ 1999ರಲ್ಲಿ ಕುರ್ಕುರೆ ತಂದಾಗಲೂ ಲೇಸ್ ಆಗಲೇ ಅಂಗಡಿಗಳಲ್ಲಿತ್ತು. ಆದರೆ ಇಲ್ಲಿ ನಷ್ಟ ಕಣ್ಣಿಗೆ ಬೀಳದೆ ಅವಿತಿರುತ್ತದೆ. ನೂರು ಪೊಟ್ಟಣ ಚಿಪ್ಸ್ ಹೋಗಿ, ಅದೇ ಅಂಗಡಿಗಳಲ್ಲಿ ಚಕ್ಕುಲಿ ಅರವತ್ತು ಕಡಿಮೆಯಾದರೆ ನಿಜವಾಗಿ ಬೆಳೆದದ್ದು ನಲವತ್ತೇ. ಹೊಸ ಯಂತ್ರದ ಸಾಲದ ಕಂತನ್ನು ಆ ನಲವತ್ತರ ಮೇಲೆ ಹಂಚಿ ನೋಡಬೇಕು.

ಈ ಲೆಕ್ಕಗಳನ್ನು ನೋಡಿದರೆ, ಈ ಘಟಕ ಮೊದಲು ಬೇರೆಯವರ ಯಂತ್ರದಲ್ಲಿ ಸ್ವಲ್ಪ ರಾಗಿ ಚಿಪ್ಸ್ ಮಾಡಿಸಿ, ಕೆಲವೇ ಅಂಗಡಿಗಳಿಗೆ ಕೊಟ್ಟು ನೋಡುವುದು ಒಳ್ಳೆಯದು. ಕಾರ್ಖಾನೆಯಿಂದ ಎಷ್ಟು ಹೊರಟಿತು ಎಂಬುದನ್ನು ನಂಬಬಾರದು. ಅದು ವಿತರಕರ ಗೋದಾಮು ತುಂಬಿದ ಲೆಕ್ಕ ಮಾತ್ರ. ಮೊದಲ ಆರ್ಡರ್ ಪರಿಚಯಕ್ಕೆ ಬರುತ್ತದೆ, ಎರಡನೆಯದು ಸ್ಕೀಮಿಗೆ. ಯಾವ ರಿಯಾಯಿತಿಯೂ ಇಲ್ಲದೆ ಅಂಗಡಿಯವರು ಮೂರನೆಯ ಬಾರಿ ಕೇಳಿ, ಪಕ್ಕದ ಚಕ್ಕುಲಿಯೂ ಮೊದಲಿನಷ್ಟೇ ಖರ್ಚಾಗುತ್ತಿದ್ದರೆ ಯಂತ್ರ ಕೊಳ್ಳಬಹುದು.